ಮೂರು ಬೆಲೆಯ ಪಟ್ಟಿಯಲ್ಲಿ ನಡುವಿನ ಯಂತ್ರ ಏಕಿದೆ?

ತೋಟದಮನೆ (ತೀರ್ಥಹಳ್ಳಿ ತಾಲ್ಲೂಕು)

ತೋಟಕ್ಕೆ ಹುಲ್ಲು ಕತ್ತರಿಸುವ ಯಂತ್ರವೊಂದನ್ನು ಕೊಳ್ಳಬೇಕೆಂದಿದ್ದೇವೆ. ನಮ್ಮದು ಒಂದೂವರೆ ಎಕರೆ ಅಡಿಕೆ, ಜೊತೆಗೆ ಸ್ವಲ್ಪ ಸೊಪ್ಪಿನ ಬೆಟ್ಟ. ಇಲ್ಲಿಯವರೆಗೆ ಯಂತ್ರ ಹೊತ್ತು ಬರುವವರಿಗೆ ದಿನದ ಲೆಕ್ಕದಲ್ಲಿ ಕೊಟ್ಟು ಮಾಡಿಸುತ್ತಿದ್ದೆವು. ಈ ವರ್ಷ ಅವರು ಸಿಗುವುದೇ ಕಷ್ಟವಾಗಿದೆ. ಶಿವಮೊಗ್ಗದ ಒಂದು ಅಂಗಡಿಯಲ್ಲಿ ವಿಚಾರಿಸಿದಾಗ ಗೋಡೆಯ ಮೇಲಿನ ಈ ಪಟ್ಟಿಯನ್ನು ತೋರಿಸಿದರು. ಇದ್ದಂತೆಯೇ ಬರೆದುಕೊಂಡು ಬಂದಿದ್ದೇನೆ.

ಮೊದಲನೆಯದು: ಎರಡು ಸ್ಟ್ರೋಕ್ ಯಂತ್ರ. ₹18,500ಕ್ಕೆ ಅಡ್ಡಗೆರೆ, ಈಗ ₹9,999. ರಿಯಾಯಿತಿ 46%.

ಎರಡನೆಯದು: ನಾಲ್ಕು ಸ್ಟ್ರೋಕ್ ಯಂತ್ರ, ಒಂದು ಬ್ಲೇಡು ಮಾತ್ರ. ₹22,000ಕ್ಕೆ ಅಡ್ಡಗೆರೆ, ಈಗ ₹15,499. ರಿಯಾಯಿತಿ 30%.

ಮೂರನೆಯದು: ಅದೇ ನಾಲ್ಕು ಸ್ಟ್ರೋಕ್ ಯಂತ್ರ, ಜೊತೆಗೆ ಇನ್ನೊಂದು ಬ್ಲೇಡು, ಹೆಗಲಿಗೆ ಹಾಕುವ ಮೆತ್ತನೆಯ ಪಟ್ಟಿ, ಎರಡು ಉಚಿತ ಸರ್ವಿಸು. ₹28,500ಕ್ಕೆ ಅಡ್ಡಗೆರೆ, ಈಗ ₹15,999. ರಿಯಾಯಿತಿ 44%.

ಮನೆಯಲ್ಲಿ ಎಲ್ಲರೂ ಮೂರನೆಯದೇ ಸರಿ ಎನ್ನುತ್ತಿದ್ದಾರೆ, ನನಗೂ ಹಾಗೆಯೇ ಅನ್ನಿಸುತ್ತಿದೆ. ಆದರೆ ನಾವು ಮನೆಯಿಂದ ಹೊರಟಾಗ ಹತ್ತು ಸಾವಿರದೊಳಗೆ ಮುಗಿಸಬೇಕೆಂದು ಮಾತಾಡಿಕೊಂಡಿದ್ದೆವು. ಪಟ್ಟಿಯ ಮುಂದೆ ನಿಂತ ಸ್ವಲ್ಪ ಹೊತ್ತಿನಲ್ಲೇ ಇನ್ನೂ ಆರು ಸಾವಿರ ಕೊಡಲು ಎಲ್ಲರ ಮನಸ್ಸೂ ಒಪ್ಪಿತು. ಯಾವ ಯಂತ್ರ ಒಳ್ಳೆಯದು ಎಂಬುದನ್ನು ಆಮೇಲೆ ನೋಡಿಕೊಳ್ಳುತ್ತೇನೆ. ಈ ಪಟ್ಟಿ ನಮ್ಮ ತೀರ್ಮಾನವನ್ನು ಹೇಗೆ ಬದಲಿಸಿತು ಎಂಬುದು ನನಗೆ ತಿಳಿಯಬೇಕು.

---

ಕೊಪ್ಪದ ಮೆಕ್ಯಾನಿಕ್

ಅಕ್ಕ, ಕಣ್ಣು ಮುಚ್ಚಿ ನಾಲ್ಕು ಸ್ಟ್ರೋಕ್ ತೆಗೆದುಕೊಳ್ಳಿ. ಎರಡು ಸ್ಟ್ರೋಕಿನಲ್ಲಿ ಪೆಟ್ರೋಲಿಗೆ ಆಯಿಲ್ ಬೆರೆಸುವ ರಗಳೆ ಇದೆ. ಅಳತೆ ಸ್ವಲ್ಪ ತಪ್ಪಿದರೂ ಪ್ಲಗ್ ಕಪ್ಪಾಗುತ್ತದೆ. ಬೆರೆಸಲು ಮರೆತರೆ ಪಿಸ್ಟನ್ನೇ ಹೋಗುತ್ತದೆ. ನಾಲ್ಕು ಸ್ಟ್ರೋಕಿನಲ್ಲಿ ಆಯಿಲ್ ಬೇರೆ ಇರುತ್ತದೆ, ಪೆಟ್ರೋಲ್ ಕಡಿಮೆ ಕುಡಿಯುತ್ತದೆ, ಸದ್ದೂ ಕಡಿಮೆ. ಒಂದೇ ತೊಂದರೆ ಎಂದರೆ ಭಾರ. ಬೆಟ್ಟದ ಇಳಿಜಾರಿನಲ್ಲಿ ಹೊತ್ತು ನಿಲ್ಲುವವರ ಸೊಂಟ ಗಟ್ಟಿಯಿರಬೇಕು. ಸಹಾಯಧನ ಇದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿಯೂ ತೋಟಗಾರಿಕೆ ಇಲಾಖೆಯಲ್ಲಿಯೂ ಒಮ್ಮೆ ಕೇಳಿ ನೋಡಿ.

---

ತೋಟದಮನೆ

ಧನ್ಯವಾದ ತಮ್ಮ, ಈ ಮಾತು ಉಪಯೋಗಕ್ಕೆ ಬರುತ್ತದೆ. ಆದರೆ ನನ್ನ ಪ್ರಶ್ನೆ ಬೆಲೆಯ ಪಟ್ಟಿಯ ಬಗ್ಗೆ.

---

ಶರಾವತಿ ತೀರ

ಇದರಲ್ಲಿ ಅಷ್ಟೊಂದು ಯೋಚಿಸುವುದೇನಿದೆ? 9,999 ಎಂದಿದ್ದರೆ ಒಂದು ರೂಪಾಯಿ ಸೇರಿಸಿ ಹತ್ತು ಸಾವಿರ ಎಂದು ಓದಿಕೊಳ್ಳಿ, ಅಲ್ಲಿಗೆ ಮಾಯೆ ಹರಿಯಿತು. ಅಡ್ಡಗೆರೆ ಎಳೆದ ಬೆಲೆಯಂತೂ ಎಂಆರ್‌ಪಿ. ಅದನ್ನು ನಿಗದಿ ಮಾಡುವುದು ಸರ್ಕಾರ. ಆದ್ದರಿಂದ ಅದು ಸುಳ್ಳಾಗಲು ಸಾಧ್ಯವಿಲ್ಲ. 28,500ರ ವಸ್ತು 15,999ಕ್ಕೆ ಸಿಗುತ್ತಿದೆ ಎಂದರೆ ಲಾಭವೇ ಅಲ್ಲವೇ?

---

ವಾಣಿಜ್ಯದ ಮೇಷ್ಟರು (ಶಿವಮೊಗ್ಗ)

ಕಾಲೇಜಿನಲ್ಲಿ ಬಹಳ ವರ್ಷ ಮಾರುಕಟ್ಟೆಯ ವಿಷಯ ಕಲಿಸಿದವನು ನಾನು. ತಾಯಿ ಕೇಳಿರುವ ಪ್ರಶ್ನೆ ಸರಿಯಾದ ಪ್ರಶ್ನೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಪಟ್ಟಿಯಲ್ಲಿ ಎರಡನೆಯ ಯಂತ್ರವನ್ನು ಯಾರು ಕೊಳ್ಳುತ್ತಾರೆ ಎಂದು ಯೋಚಿಸಿ. ಹದಿನೈದು ಸಾವಿರದ ಐನೂರು ಕೊಡುವವರು ಇನ್ನು ಐನೂರು ಸೇರಿಸಿ ಬ್ಲೇಡು, ಪಟ್ಟಿ, ಸರ್ವಿಸು ಎಲ್ಲವನ್ನೂ ಪಡೆಯುತ್ತಾರೆಯೇ ಹೊರತು ಅದನ್ನು ಕೊಳ್ಳುವುದಿಲ್ಲ. ಹಾಗಿದ್ದರೂ ಅದು ಪಟ್ಟಿಯಲ್ಲಿದೆ. ಅದರ ಕೆಲಸ ಮಾರಾಟವಾಗುವುದಲ್ಲ, ಮೂರನೆಯದರ ಪಕ್ಕದಲ್ಲಿ ನಿಲ್ಲುವುದು. ಮೊದಲನೆಯದನ್ನೂ ಮೂರನೆಯದನ್ನೂ ಹೋಲಿಸುವುದು ಕಷ್ಟ: ಎಂಜಿನ್ ಬೇರೆ, ಭಾರ ಬೇರೆ, ಖರ್ಚು ಬೇರೆ. ಎರಡನೆಯದನ್ನೂ ಮೂರನೆಯದನ್ನೂ ಹೋಲಿಸುವುದು ಬಹಳ ಸುಲಭ. ಮನಸ್ಸು ಸುಲಭವಾದ ಹೋಲಿಕೆಯನ್ನು ಮಾಡಿ ಮುಗಿಸಿ, ಕಷ್ಟದ ಹೋಲಿಕೆಯೂ ಮುಗಿಯಿತು ಎಂದುಕೊಳ್ಳುತ್ತದೆ. ಮನೆಯವರೆಲ್ಲ ಇಷ್ಟು ಬೇಗ ಒಪ್ಪಿದ್ದಕ್ಕೆ ಕಾರಣ ಇದೇ ಎಂದು ನನ್ನ ಅಭಿಪ್ರಾಯ.

ಇಲ್ಲಿ ಗಮನಿಸಬೇಕಾದದ್ದು, ಯಾರೂ ಸುಳ್ಳು ಹೇಳಿಲ್ಲ. ಎರಡನೆಯದಕ್ಕಿಂತ ಮೂರನೆಯದು ನಿಜವಾಗಿಯೂ ಮೇಲು. ಆದರೆ ಎರಡನೆಯದೋ ಮೂರನೆಯದೋ ಎಂಬ ಪ್ರಶ್ನೆ ನಿಮ್ಮದಾಗಿರಲೇ ಇಲ್ಲ. ನಿಮ್ಮ ಪ್ರಶ್ನೆ, ನಾಲ್ಕು ಸ್ಟ್ರೋಕಿಗೆ ಆರು ಸಾವಿರ ಹೆಚ್ಚು ಕೊಡಬೇಕೇ ಎಂಬುದು. ಅದಕ್ಕೆ ಪಟ್ಟಿ ಉತ್ತರವನ್ನೇ ಕೊಟ್ಟಿಲ್ಲ.

ಹೀಗೆ ಯಾರೂ ಕೊಳ್ಳದ ಆಯ್ಕೆಯೊಂದು ಉಳಿದವುಗಳ ನಡುವಿನ ತೂಕವನ್ನು ಬದಲಿಸುತ್ತದೆ ಎಂಬುದನ್ನು ಹ್ಯೂಬರ್, ಪೇನ್, ಪುಟೊ ಎಂಬ ಮೂವರು 1982ರಲ್ಲಿ ತೋರಿಸಿದರು. ಜನರ ಬಾಯಲ್ಲಿ ಹೆಚ್ಚು ಓಡಾಡುವುದು ಡ್ಯಾನ್ ಏರಿಯಲಿ ಅವರ ಪ್ರಯೋಗ. 'ದಿ ಎಕನಾಮಿಸ್ಟ್' ಪತ್ರಿಕೆಯ ಚಂದಾ ಹೀಗಿತ್ತು: ಅಂತರ್ಜಾಲದಲ್ಲಿ ಮಾತ್ರ ಓದಲು 59 ಡಾಲರ್, ಮುದ್ರಿತ ಪ್ರತಿಗೆ ಮಾತ್ರ 125, ಎರಡಕ್ಕೂ ಸೇರಿ ಅದೇ 125. ನೂರು ವಿದ್ಯಾರ್ಥಿಗಳನ್ನು ಕೇಳಿದಾಗ 84 ಮಂದಿ ಎರಡೂ ಸೇರಿದ್ದನ್ನು ಆರಿಸಿದರು, 16 ಮಂದಿ ಅಗ್ಗದ್ದನ್ನು. ನಡುವಿನದನ್ನು ಒಬ್ಬರೂ ಮುಟ್ಟಲಿಲ್ಲ. ಆ ನಡುವಿನ ಸಾಲನ್ನು ತೆಗೆದು ಕೇಳಿದಾಗ 68 ಮಂದಿ ಅಗ್ಗದ್ದಕ್ಕೆ ಹೋದರು, 32 ಮಂದಿ ಮಾತ್ರ ದುಬಾರಿಯದಕ್ಕೆ.

ನೀವೂ ಅದನ್ನೇ ಮಾಡಿ. ಎರಡನೆಯ ಸಾಲನ್ನು ಕಾಗದದಿಂದ ಮುಚ್ಚಿ, ಮನೆಯವರನ್ನು ಮತ್ತೊಮ್ಮೆ ಕೇಳಿ.

---

ಶರಾವತಿ ತೀರ

ಮೇಷ್ಟರೇ, ಎಂಆರ್‌ಪಿಯ ಬಗ್ಗೆ ನೀವು ಏನನ್ನೂ ಹೇಳಲಿಲ್ಲ.

---

ವಾಣಿಜ್ಯದ ಮೇಷ್ಟರು

ಅದನ್ನು ಬಿಡುವ ಉದ್ದೇಶ ಇರಲಿಲ್ಲ. ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆಯನ್ನು ಮುದ್ರಿಸಲೇಬೇಕು, ಅದರಲ್ಲಿ ಎಲ್ಲ ತೆರಿಗೆಯೂ ಸೇರಿರಬೇಕು, ಅದಕ್ಕಿಂತ ಹೆಚ್ಚಿಗೆ ಮಾರಬಾರದು. ಇಷ್ಟನ್ನು 2009ರ ಕಾನೂನುಬದ್ಧ ಮಾಪನಶಾಸ್ತ್ರ ಕಾಯ್ದೆ ಮತ್ತು ಅದರ ಅಡಿಯಲ್ಲಿ ಬಂದ 2011ರ ನಿಯಮಗಳು ಹೇಳುತ್ತವೆ. ಆದರೆ ಆ ಅಂಕಿ ಎಷ್ಟಿರಬೇಕೆಂದು ತೀರ್ಮಾನಿಸುವವರು ತಯಾರಕರು ಅಥವಾ ಆಮದು ಮಾಡಿಕೊಳ್ಳುವವರು. ಸರ್ಕಾರ ತಾನೇ ಮಿತಿ ಹಾಕುವುದು ಪಟ್ಟಿಯಲ್ಲಿರುವ ಕೆಲವು ಅಗತ್ಯ ಔಷಧಿಗಳಂಥ ವಸ್ತುಗಳಿಗೆ ಮಾತ್ರ. ಹುಲ್ಲಿನ ಯಂತ್ರಕ್ಕೆ ಅಂಥ ಮಿತಿ ಇಲ್ಲ. ಹತ್ತು ಸಾವಿರಕ್ಕೆ ಮಾರುವ ಉದ್ದೇಶದ ವಸ್ತುವಿನ ಮೇಲೆ ಹದಿನೆಂಟು ಸಾವಿರ ಎಂದು ಮುದ್ರಿಸಿದರೆ ಅದಕ್ಕಾಗಿಯೇ ತಡೆಯುವ ನಿಯಮ ಇಲ್ಲ.

ಇನ್ನೊಂದು ಮಾತು. ಗೋಡೆಯ ಪಟ್ಟಿಯಲ್ಲಿ ಅಡ್ಡಗೆರೆ ಎಳೆದ ಅಂಕಿ ಎಂಆರ್‌ಪಿಯೇ ಆಗಿರಬೇಕೆಂದಿಲ್ಲ. ಅದು ಅಂಗಡಿಯವರು ಬರೆದ 'ಹಳೆಯ ಬೆಲೆ'ಯೂ ಆಗಿರಬಹುದು. ಪೆಟ್ಟಿಗೆಯ ಮೇಲೆ ಏನು ಮುದ್ರಿತವಾಗಿದೆ ಎಂದು ನೋಡಿದರೆ ಮಾತ್ರ ಗೊತ್ತಾಗುತ್ತದೆ. ತಾಯಿಯವರ ಪಟ್ಟಿಯಲ್ಲಿ ಆ ಅಂಕಿಗಳು ತಮ್ಮನ್ನು ತಾವೇ ಬಿಟ್ಟುಕೊಡುತ್ತಿವೆ. ಎರಡನೆಯದೂ ಮೂರನೆಯದೂ ಒಂದೇ ಯಂತ್ರ. ಅಡ್ಡಗೆರೆಯ ಬೆಲೆ ಒಂದಕ್ಕೆ 22,000, ಇನ್ನೊಂದಕ್ಕೆ 28,500. ಅಂದರೆ ಒಂದು ಬ್ಲೇಡು, ಒಂದು ಪಟ್ಟಿ, ಎರಡು ಸರ್ವಿಸಿಗೆ 6,500 ರೂಪಾಯಿ ಆಯಿತು. ಕೊಪ್ಪದವರು ಹೇಳಲಿ, ಇವೆಲ್ಲ ಬಿಡಿಯಾಗಿ ಎಷ್ಟಾಗುತ್ತವೆ?

---

ಕೊಪ್ಪದ ಮೆಕ್ಯಾನಿಕ್

ನಮ್ಮಲ್ಲಿ ಬ್ಲೇಡು 350ಕ್ಕೆ ಸಿಗುತ್ತದೆ. ಮೆತ್ತನೆಯ ಪಟ್ಟಿ ಒಳ್ಳೆಯದಾದರೆ 600. ಸರ್ವಿಸಿಗೆ ನಾನು ತೆಗೆದುಕೊಳ್ಳುವುದು 300, ಎರಡಕ್ಕೆ 600. ಒಟ್ಟು 1,550 ಆಗುತ್ತದೆ. ಶಿವಮೊಗ್ಗದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇರಬಹುದು, ಆದರೆ 6,500 ಎಂದರೆ ನಾನು ಒಪ್ಪುವುದಿಲ್ಲ.

ಆದರೂ ಐನೂರು ರೂಪಾಯಿಗೆ ಇವೆಲ್ಲ ಸಿಗುತ್ತವೆ ಎಂದರೆ ಒಳ್ಳೆಯ ವ್ಯಾಪಾರವೇ.

---

ವಾಣಿಜ್ಯದ ಮೇಷ್ಟರು

ಹೌದು, ನಾಲ್ಕು ಸ್ಟ್ರೋಕೇ ಬೇಕೆಂದು ಮೊದಲೇ ತೀರ್ಮಾನಿಸಿದವರಿಗೆ ಅದು ಒಳ್ಳೆಯ ವ್ಯಾಪಾರ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅಡ್ಡಗೆರೆಯ 28,500 ಮಾತ್ರ ಯಾವ ವಸ್ತುವಿನ ಬೆಲೆಯೂ ಅಲ್ಲ. 44% ಎಂಬ ದೊಡ್ಡ ಅಂಕಿ ಬರಲಿ ಎಂದು ಇಟ್ಟದ್ದು. ಪಕ್ಕದಲ್ಲಿ 30% ಎಂದು ನೋಡಿದಾಗ ಎರಡನೆಯದು ಇನ್ನಷ್ಟು ಬಡಕಲಾಗಿ ಕಾಣುತ್ತದೆ.

---

ಹುಂಚದ ರಸ್ತೆ (ಹೊಸನಗರ)

9ರ ಬಗ್ಗೆ ನನಗೊಂದು ಅನುಮಾನ ಇದೆ. ಶಿವಮೊಗ್ಗದ ಅಡಿಕೆ ಮಾರುಕಟ್ಟೆಯ ದರಪಟ್ಟಿಯಲ್ಲಿಯೂ ರಾಶಿ, ಬೆಟ್ಟೆ, ಗೊರಬಲು ಯಾವುದೇ ಇರಲಿ, 9ರಲ್ಲಿ ಮುಗಿಯುವ ದರ ಬಹಳ ಕಾಣುತ್ತದೆ. ಅಲ್ಲಿ ಕೊಳ್ಳುವವರೇ ಬರೆಯುವ ದರ ಅದು. ಮಾರುವ ನಮ್ಮನ್ನು ಅದರಿಂದ ಮರುಳು ಮಾಡುವಂಥದ್ದೇನೂ ಇಲ್ಲ. ಹಾಗಾದರೆ 9ರಲ್ಲಿ ಅಂಥ ಶಕ್ತಿ ಇದೆ ಎಂಬುದು ನಿಜವೇ?

---

ವಾಣಿಜ್ಯದ ಮೇಷ್ಟರು

ಒಳ್ಳೆಯ ಪ್ರಶ್ನೆ. ಟೆಂಡರಿನಲ್ಲಿ ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ. ಪಕ್ಕದವರು ದುಂಡು ಅಂಕಿ ಬರೆದಾರು ಎಂದು ಊಹಿಸಿ, ಅದಕ್ಕಿಂತ ಒಂಬತ್ತು ರೂಪಾಯಿ ಮೇಲಿರಲಿ ಎಂದು ಬರೆಯುತ್ತಾರೆ ಎಂಬುದು ನನ್ನ ತಿಳಿವಳಿಕೆ. ದುಂಡು ಅಂಕಿಯನ್ನು ಮೀರಲು ಬರೆದ 9 ಅದು. ಅಂಗಡಿಯದು ದುಂಡು ಅಂಕಿಯ ಕೆಳಗೆ ನಿಲ್ಲಲು ಬರೆದ 9. ಎರಡಕ್ಕೂ ಸಂಬಂಧವಿಲ್ಲ.

ಅಂಗಡಿಯ 9 ಕೆಲಸ ಮಾಡುವುದು ಮುಖ್ಯವಾಗಿ ಎಡಗಡೆಯ ಅಂಕಿ ಬದಲಾದಾಗ. ಥಾಮಸ್ ಮತ್ತು ಮಾರ್ವಿಟ್ಜ್ ಎಂಬವರು 2005ರಲ್ಲಿ ಇದನ್ನು ಬಿಡಿಸಿ ತೋರಿಸಿದರು. ನಾವು ಎಡದಿಂದ ಓದುತ್ತೇವೆ, ಅಂಕಿ ಪೂರ್ತಿ ಮುಗಿಯುವ ಮೊದಲೇ ಅದರ ಗಾತ್ರದ ಅಂದಾಜು ಮನಸ್ಸಿನಲ್ಲಿ ಕೂತಿರುತ್ತದೆ. 10,000ವು 9,999 ಆದಾಗ ಅದು 'ಹತ್ತರ' ಗುಂಪಿನಿಂದ 'ಒಂಬತ್ತರ' ಗುಂಪಿಗೆ ಇಳಿಯುತ್ತದೆ. 15,500ವು 15,499 ಆದಾಗ ಎಡಗಡೆ 15 ಹಾಗೆಯೇ ಉಳಿಯುವುದರಿಂದ ಅಂಥ ಇಳಿಕೆ ಇಲ್ಲ. ಈ ಪಟ್ಟಿಯಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ: 15,499 ಮತ್ತು 15,999 ಎರಡೂ ಬಾಯಲ್ಲಿ 'ಹದಿನೈದು ಸಾವಿರ' ಎಂದೇ ಬರುತ್ತವೆ. ನಡುವಿನ ಐನೂರು ಕಾಣದೇ ಹೋಗುತ್ತದೆ. ಮೂರನೆಯದು ದುಂಡಾಗಿ 16,000 ಎಂದಿದ್ದರೆ ಮನೆಯವರು ಇನ್ನೊಂದು ಗಳಿಗೆ ಯೋಚಿಸುತ್ತಿದ್ದರೇನೋ.

ಶರಾವತಿಯವರು ಒಂದು ರೂಪಾಯಿ ಸೇರಿಸಿ ಓದಿ ಎಂದದ್ದು ಒಳ್ಳೆಯ ಅಭ್ಯಾಸ. ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಅಮೆರಿಕದ ಬಟ್ಟೆಯ ಕ್ಯಾಟಲಾಗ್ ಒಂದರಲ್ಲಿ ಆಂಡರ್ಸನ್ ಮತ್ತು ಸಿಮಿಸ್ಟರ್ ಒಂದೇ ಉಡುಪನ್ನು 34, 39, 44 ಡಾಲರಿನ ಮೂರು ಬೆಲೆಯಲ್ಲಿ ಬೇರೆ ಬೇರೆ ಜನರಿಗೆ ಕಳುಹಿಸಿ ನೋಡಿದರು. 2003ರಲ್ಲಿ ಪ್ರಕಟವಾದ ಕೆಲಸ. ಹೆಚ್ಚು ಮಾರಾಟವಾದದ್ದು 39ರದ್ದು, 34ರ ಅಗ್ಗದ್ದಕ್ಕಿಂತಲೂ ಹೆಚ್ಚು. ಎಡಗಡೆಯ 3 ಎರಡರಲ್ಲಿಯೂ ಒಂದೇ. ಅಂದರೆ ಅಲ್ಲಿ 9 ಎಂಬುದೇ 'ಇದು ಇಳಿಸಿದ ಬೆಲೆ' ಎಂಬ ಸನ್ನೆಯಾಗಿತ್ತು. ಹಿಂದೆ ಮಾರಿರದ ಹೊಸ ವಸ್ತುಗಳಲ್ಲಿ ಈ ಪರಿಣಾಮ ಹೆಚ್ಚು ಕಂಡಿತು. ಬೆಲೆ ಗೊತ್ತಿರುವ ವಸ್ತುವಿನಲ್ಲಿ ಇಂಥ ಸನ್ನೆ ನಮಗೆ ಬೇಕಾಗುವುದಿಲ್ಲ. ಹುಂಚದ ರಸ್ತೆಯವರಿಗೆ ಅಡಿಕೆಯ ದರ ಬಾಯಿಪಾಠ, ಅಲ್ಲಿ ಅವರನ್ನು ಯಾವ 9 ಕೂಡ ಅಲುಗಾಡಿಸದು. ಮೊದಲ ಸಲ ಯಂತ್ರ ಕೊಳ್ಳುವವರಿಗೆ ಆ ರಕ್ಷಣೆ ಇರುವುದಿಲ್ಲ.

---

ಸಾಗರದ ಜವಳಿ ಅಂಗಡಿ

ಗೋಡೆಯ ಆ ಕಡೆ ನಿಂತವರ ಮಾತನ್ನೂ ಕೇಳಿ. ನಾನು ಬಟ್ಟೆಯ ವ್ಯಾಪಾರಿ. ಅಡ್ಡಗೆರೆಯ ಬೆಲೆಯೆಲ್ಲ ಮೋಸ ಎಂದರೆ ಅನ್ಯಾಯವಾಗುತ್ತದೆ.

ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಜೊತೆಗೆ ಮಲೆನಾಡಿನ ಮಳೆ. ಅಂಗಡಿಗೆ ಜನ ಬರುವುದಿಲ್ಲ. ಬೇಸಿಗೆಯ ಮದುವೆಗಳಿಗೆಂದು ತಂದು ಉಳಿದ ಸೀರೆಗಳನ್ನು ಶ್ರಾವಣದ ಸರಕು ಬರುವ ಮುಂಚೆ ಖಾಲಿ ಮಾಡಲೇಬೇಕು, ಇಲ್ಲದಿದ್ದರೆ ಹಣ ಕಪಾಟಿನಲ್ಲಿ ಕೂತಿರುತ್ತದೆ. ಆಗ ನಾವು ಇಳಿಸುವ ಬೆಲೆ ನಿಜವಾದ ಇಳಿಕೆ. ಏಪ್ರಿಲಿನಲ್ಲಿ ಆ ಸೀರೆಯನ್ನು ಮೇಲಿನ ಬೆಲೆಗೆ ಕೊಂಡವರು ಊರಿನಲ್ಲೇ ಇದ್ದಾರೆ.

ಆದರೆ ಆಷಾಢದ ಮಾರಾಟಕ್ಕೆಂದೇ ಹೊಲಿಸಿ ಬರುವ ಸರಕೂ ಇದೆ ಎಂಬುದು ನಿಜ. ಅದರ ಚೀಟಿಯಲ್ಲಿ ಮೊದಲ ದಿನದಿಂದಲೇ ಎರಡು ಬೆಲೆ ಇರುತ್ತದೆ. ಮೇಲಿನ ಬೆಲೆಗೆ ಅದನ್ನು ಯಾರೂ ಎಲ್ಲಿಯೂ ಮಾರಿರುವುದಿಲ್ಲ. ಎರಡನ್ನೂ ಬೇರೆ ಮಾಡಿ ನೋಡಲು ಒಂದು ದಾರಿ ಹೇಳುತ್ತೇನೆ. ಉಳಿದ ಸರಕು ಎಂದರೆ ಒಡೆದ ಸರಕು: ಒಂದು ಬಣ್ಣದಲ್ಲಿ ಒಂದೇ ಸೀರೆ, ಅಂಗಿಯಾದರೆ ಒಂದು ಅಳತೆ ಇದ್ದರೆ ಇನ್ನೊಂದಿಲ್ಲ, ಹಳೆಯ ಚೀಟಿಯ ಮೇಲೆ ಕೈಯಿಂದ ಬರೆದ ಹೊಸ ಬೆಲೆ. ಮಾರಾಟಕ್ಕೆಂದೇ ಬಂದದ್ದರಲ್ಲಿ ಎಲ್ಲ ಬಣ್ಣ, ಎಲ್ಲ ಅಳತೆ ಕಟ್ಟುಕಟ್ಟಾಗಿ ಇರುತ್ತವೆ, ಚೀಟಿಯೂ ಹೊಸದು. ಅರ್ಧ ಬೆಲೆ ಎಂದು ಬರೆದ ರಾಶಿಯಲ್ಲಿ ನಿಮಗೆ ಬೇಕಾದ ಅಳತೆ ತಕ್ಷಣ ಸಿಕ್ಕಿದರೆ ಒಮ್ಮೆ ಯೋಚಿಸಿ.

ಮೇಷ್ಟರಿಗೆ ನನ್ನ ಪ್ರಶ್ನೆ ಇಷ್ಟೇ. ನಾನು ಅಡ್ಡಗೆರೆಯನ್ನೆಲ್ಲ ಅಳಿಸಿ 800 ರೂಪಾಯಿಯ ಅಂಗಿಗೆ 800 ಎಂದೇ ಬರೆದರೆ, ಪಕ್ಕದವರು ಅದನ್ನೇ 1,599ರಿಂದ 849ಕ್ಕೆ ಇಳಿಸಿದ್ದೇವೆ ಎಂದು ಬರೆದರೆ, ಗ್ರಾಹಕರು ಯಾರ ಬಳಿ ಹೋಗುತ್ತಾರೆ?

---

ವಾಣಿಜ್ಯದ ಮೇಷ್ಟರು

ನಿಮ್ಮ ಭಯಕ್ಕೆ ಆಧಾರವಿದೆ. ಅಮೆರಿಕದ ಜೆ.ಸಿ. ಪೆನ್ನಿ ಎಂಬ ದೊಡ್ಡ ಅಂಗಡಿಗಳ ಸರಣಿ 2012ರಲ್ಲಿ ಅದನ್ನೇ ಮಾಡಿತು. ರಾನ್ ಜಾನ್ಸನ್ ಎಂಬವರು ಮುಖ್ಯಸ್ಥರಾಗಿ ಬಂದು, ಕೂಪನ್ನುಗಳನ್ನೂ ಸದಾ ನಡೆಯುತ್ತಿದ್ದ ರಿಯಾಯಿತಿ ಮಾರಾಟಗಳನ್ನೂ ನಿಲ್ಲಿಸಿ, ದುಂಡು ಅಂಕಿಯ ಕಡಿಮೆ ಬೆಲೆಯನ್ನು ಮೊದಲಿನಿಂದಲೇ ಹಾಕಿದರು. ಆ ವರ್ಷದ ಮಾರಾಟ ಸುಮಾರು ಕಾಲು ಭಾಗ ಕುಸಿಯಿತು. 2013ರ ಏಪ್ರಿಲಿನಲ್ಲಿ ಅವರು ಹುದ್ದೆ ಬಿಡಬೇಕಾಯಿತು. ಕುಸಿತಕ್ಕೆ ಬೇರೆ ಕಾರಣಗಳೂ ಇದ್ದವು, ಎಲ್ಲವನ್ನೂ ಬೆಲೆಯ ಚೀಟಿಗೆ ಕಟ್ಟಲಾಗದು. ಆದರೂ ಒಬ್ಬರೇ ಅಂಗಡಿಯವರು ಇದರಿಂದ ಹೊರಬರುವುದು ಕಷ್ಟ ಎಂಬುದು ನಿಜ.

ಆದ್ದರಿಂದಲೇ ನಿಯಮ ಎಲ್ಲರಿಗೂ ಒಟ್ಟಿಗೆ ಬರಬೇಕು ಎನ್ನುತ್ತೇನೆ. ಯುರೋಪಿನ ಒಕ್ಕೂಟದಲ್ಲಿ 2022ರಿಂದ, ರಿಯಾಯಿತಿ ಎಂದು ಪ್ರಕಟಿಸುವವರು ಹಿಂದಿನ 30 ದಿನಗಳಲ್ಲಿ ತಾವು ಹಾಕಿದ್ದ ಅತಿ ಕಡಿಮೆ ಬೆಲೆಯನ್ನು ತೋರಿಸಬೇಕು. ಆಗ 1,599 ಎಂದು ಸುಮ್ಮನೆ ಬರೆಯಲಾಗದು. ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿತಪ್ಪಿಸುವ ಜಾಹೀರಾತನ್ನು ತಡೆಯುತ್ತದೆ, ಆದರೆ ಹಳೆಯ ಬೆಲೆ ಎಂದರೆ ಎಷ್ಟು ದಿನದ ಹಿಂದಿನದು ಎಂಬ ಅಳತೆಗೋಲು ಇಲ್ಲ.

---

ಸಾಗರದ ಜವಳಿ ಅಂಗಡಿ

ಅಂಥ ನಿಯಮ ಬಂದರೆ ನಾನು ಸ್ವಾಗತಿಸುತ್ತೇನೆ. ಬರುವ ತನಕ ಚೀಟಿ ಅಳಿಸಲು ನನ್ನಿಂದಾಗದು. ಗ್ರಾಹಕರು ಮೊದಲು ಕೇಳುವ ಮಾತೇ 'ಎಷ್ಟು ಕಡಿಮೆ ಮಾಡುತ್ತೀರಿ' ಎಂಬುದು.

---

ವಿನೋಬನಗರದಿಂದ

ನನ್ನದೂ ಇಂಥದ್ದೇ ಒಂದು. ಒಂದು ಆನ್‌ಲೈನ್ ಮಳಿಗೆಯಲ್ಲಿ ಮಳೆಯ ಕೋಟು ನೋಡುತ್ತಿದ್ದೆ. 2,999ಕ್ಕೆ ಅಡ್ಡಗೆರೆ, 899ಕ್ಕೆ ಮಾರಾಟ, ಕೆಳಗೆ 'ಇನ್ನು 2 ಗಂಟೆ ಮಾತ್ರ' ಎಂದು ಗಡಿಯಾರ ಓಡುತ್ತಿತ್ತು. ಮರುದಿನ ನೋಡಿದರೂ ಅದೇ ಬೆಲೆ, ಅದೇ ಎರಡು ಗಂಟೆ. ಹಣ ಕಟ್ಟುವ ಹಂತದಲ್ಲಿ ಇನ್ನಷ್ಟು ಶುಲ್ಕ ಸೇರಿಕೊಂಡಿತು. ಇದಕ್ಕೆ ಯಾರಿಗೆ ದೂರು ಕೊಡಬೇಕು?

---

ವಾಣಿಜ್ಯದ ಮೇಷ್ಟರು

ಸುಳ್ಳು ಗಡಿಬಿಡಿ ಹುಟ್ಟಿಸುವುದು, ಶುಲ್ಕವನ್ನು ಕೊನೆಯಲ್ಲಿ ತೋರಿಸುವುದು, ಈ ಎರಡನ್ನೂ ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ಮಾರ್ಗಸೂಚಿಯಲ್ಲಿ ಹೆಸರಿಟ್ಟು ನಿಷೇಧಿಸಿದೆ. ಅಲ್ಲಿ ಇಂಥ ಹದಿಮೂರು ತಂತ್ರಗಳ ಪಟ್ಟಿ ಇದೆ. ಎರಡೂ ದಿನದ ಪರದೆಯ ಚಿತ್ರ ಇಟ್ಟುಕೊಂಡು 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ದಿನಾಂಕ ಕಾಣುವ ಚಿತ್ರವಿದ್ದರೆ ದೂರಿಗೆ ಬಲ ಬರುತ್ತದೆ.

---

ಹುಂಚದ ರಸ್ತೆ

ಮೇಷ್ಟರೇ, ತಾಯಿಯವರ ಆರು ಸಾವಿರದ ಪ್ರಶ್ನೆ ಹಾಗೆಯೇ ಉಳಿಯಿತು. ಪಟ್ಟಿಯನ್ನು ಬದಿಗಿಟ್ಟು ಲೆಕ್ಕ ಹಾಕೋಣ. ನಮ್ಮಲ್ಲಿ ಎರಡೂ ಬಗೆಯ ಯಂತ್ರ ಇವೆ, ತೋಟವೂ ಹೆಚ್ಚುಕಡಿಮೆ ನಿಮ್ಮಷ್ಟೇ. ವರ್ಷಕ್ಕೆ ಎಲ್ಲ ಸೇರಿ ಸುಮಾರು 40 ಗಂಟೆ ಓಡಿಸುತ್ತೇವೆ. ಎರಡು ಸ್ಟ್ರೋಕಿಗೆ ಗಂಟೆಗೆ ಒಂದು ಲೀಟರ್ ಪೆಟ್ರೋಲ್ ಆಗುತ್ತದೆ, ನಾಲ್ಕು ಸ್ಟ್ರೋಕಿಗೆ 700 ಮಿಲಿಲೀಟರ್. ವರ್ಷಕ್ಕೆ 12 ಲೀಟರ್ ಉಳಿಯಿತು, ಲೀಟರಿಗೆ ನೂರು ಎಂದು ಹಿಡಿದರೆ 1,200 ರೂಪಾಯಿ. ಬೆರೆಸುವ ಆಯಿಲಿನ ಖರ್ಚು ಉಳಿಯುತ್ತದೆ, ಆದರೆ ನಾಲ್ಕು ಸ್ಟ್ರೋಕಿಗೂ ಆಯಿಲ್ ಬದಲಿಸಬೇಕು. ಅದರಲ್ಲಿ ಇನ್ನೊಂದು ಇನ್ನೂರು ಮುನ್ನೂರು ಉಳಿಯಬಹುದು. ಒಟ್ಟು ವರ್ಷಕ್ಕೆ 1,500ರಂತೆ ಆರು ಸಾವಿರ ವಾಪಸಾಗಲು ನಾಲ್ಕು ವರ್ಷ ಬೇಕು.

ನಾಲ್ಕು ವರ್ಷದ ಆಚೆಗೂ ಯಂತ್ರ ಚೆನ್ನಾಗಿ ಓಡುತ್ತದೆ ಎಂಬ ನಂಬಿಕೆ ಇದ್ದರೆ ನಾಲ್ಕು ಸ್ಟ್ರೋಕ್ ಕೊಳ್ಳಬಹುದು. ಇಲ್ಲದಿದ್ದರೆ ಅಗ್ಗದ್ದೇ ಸಾಕು. 44% ಎಂಬುದು ಈ ಲೆಕ್ಕದಲ್ಲಿ ಎಲ್ಲಿಯೂ ಬರಲಿಲ್ಲ ನೋಡಿ.

---

ಕೊಪ್ಪದ ಮೆಕ್ಯಾನಿಕ್

ಲೆಕ್ಕ ಸರಿ, ಆದರೆ ರಿಪೇರಿಯನ್ನು ಸೇರಿಸಿಲ್ಲ. ಬ್ರ್ಯಾಂಡ್ ಗೊತ್ತಿಲ್ಲದ ಅಗ್ಗದ ಎರಡು ಸ್ಟ್ರೋಕ್ ಯಂತ್ರಗಳು ನನ್ನ ಬಳಿಗೆ ಕಾರ್ಬ್ಯುರೇಟರಿಗೆಂದೇ ಬಹಳ ಬರುತ್ತವೆ. ಮೊದಲು ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಕೇಳಿ. ಇನ್ನೊಂದು ಕಡೆ, ನಾಲ್ಕು ಸ್ಟ್ರೋಕನ್ನು ಕಡಿದಾದ ಬೆಟ್ಟದಲ್ಲಿ ಹೊರಲಾಗದೆ ಮಾರಿದವರೂ ಇದ್ದಾರೆ.

---

ಹುಂಚದ ರಸ್ತೆ

ಅದು ನಿಜ. ನಮ್ಮದು ಹೆಸರಿರುವ ಕಂಪನಿಯ ಎರಡು ಸ್ಟ್ರೋಕ್, ಆದ್ದರಿಂದ ನನ್ನ ಲೆಕ್ಕದಲ್ಲಿ ರಿಪೇರಿ ಬರಲಿಲ್ಲ.

---

ವಾಣಿಜ್ಯದ ಮೇಷ್ಟರು

ಹೊರುವ ಮಾತು ಬಂದದ್ದು ಒಳ್ಳೆಯದಾಯಿತು. ಯಾರೂ ಕೊಳ್ಳದ ಆಯ್ಕೆಯ ಪ್ರಭಾವ ಎಲ್ಲ ಕಡೆಯೂ ಒಂದೇ ಥರ ಇರುವುದಿಲ್ಲ. 2014ರಲ್ಲಿ ಫ್ರೆಡರಿಕ್ ಮತ್ತು ಅವರ ಜೊತೆಗಾರರು ಇದನ್ನು ಬಹಳ ಸಲ ಪರೀಕ್ಷಿಸಿ ನೋಡಿದರು. ಗುಣಗಳನ್ನು ಅಂಕಿಗಳ ಪಟ್ಟಿಯಾಗಿ ಕೊಟ್ಟಾಗ ಪ್ರಭಾವ ಕಾಣುತ್ತದೆ. ಚಿತ್ರ ತೋರಿಸಿದಾಗ, ರುಚಿ ನೋಡಲು ಕೊಟ್ಟಾಗ ಅದು ಬಹುಮಟ್ಟಿಗೆ ಮಾಯವಾಗುತ್ತದೆ. ನಾನು ತರಗತಿಯಲ್ಲಿ ಚಂದಾದ ಉದಾಹರಣೆಯ ಜೊತೆಗೆ ಇದನ್ನೂ ಹೇಳುತ್ತಿದ್ದೆ. ಹಾಗೆಂದ ಮೇಲೆ ಗೋಡೆಯ ಪಟ್ಟಿಯ ಮುಂದೆ ನಿಂತು ತೀರ್ಮಾನಿಸಬೇಡಿ. ಎರಡೂ ಯಂತ್ರಗಳನ್ನು ಅಂಗಳಕ್ಕೆ ತರಿಸಿ, ಹೆಗಲಿಗೇರಿಸಿ, ಓಡಿಸಿ ನೋಡಿ. ಹಾಗೆಯೇ ಅಂಗಡಿಯಲ್ಲಿ ಎರಡನೆಯದನ್ನೇ ಕೊಡಿ ಎಂದು ಕೇಳಿ ನೋಡಿ, ಅವರು ಏನೆನ್ನುತ್ತಾರೆ ಎಂಬ ಕುತೂಹಲ ನನಗಿದೆ.

---

ತೋಟದಮನೆ

ನಿನ್ನೆ ಮತ್ತೆ ಶಿವಮೊಗ್ಗಕ್ಕೆ ಹೋಗಿದ್ದೆ. ನಡೆದದ್ದನ್ನು ಬರೆಯುತ್ತೇನೆ.

ಎರಡನೆಯದನ್ನು ಕೇಳಿದೆ. 'ಅದು ಈಗ ಇಲ್ಲ, ಯಾರೂ ಕೇಳುವುದಿಲ್ಲ, ಬೇಕಾದರೆ ತರಿಸಿಕೊಡುತ್ತೇವೆ, ಐನೂರಕ್ಕಾಗಿ ಅದೇಕೆ' ಎಂದರು. ಪೆಟ್ಟಿಗೆಗಳನ್ನು ನೋಡಿದೆ. ಮೂರನೆಯದರ ಪೆಟ್ಟಿಗೆಯ ಮೇಲೆ ಮುದ್ರಿತ ಎಂಆರ್‌ಪಿ 22,000. ಹಾಗಾದರೆ 28,500 ಎಲ್ಲಿಂದ ಬಂತು ಎಂದೆ. ಬ್ಲೇಡು, ಪಟ್ಟಿಗಳ ಎಂಆರ್‌ಪಿ, ಸರ್ವಿಸು ಎಲ್ಲ ಸೇರಿಸಿದ್ದೇವೆ ಎಂದರು. ಬಿಡಿಸಿ ತೋರಿಸಿ ಎಂದಾಗ ಮಾತು ಬೇರೆ ಕಡೆಗೆ ಹೋಯಿತು. ಹೋದ ತಿಂಗಳು ಇದೇ ಯಂತ್ರಕ್ಕೆ ಎಷ್ಟು ತೆಗೆದುಕೊಂಡಿದ್ದಿರಿ ಎಂದು ಕೇಳಿದ್ದಕ್ಕೆ ಅಲ್ಲಿದ್ದ ಹುಡುಗ 'ಇದೇ ಬೆಲೆ' ಎಂದ. ಅವನು ಮರೆಮಾಚಲಿಲ್ಲ ಎಂಬುದು ನನಗೆ ಹಿಡಿಸಿತು.

ಮನೆಯಲ್ಲಿ ನಡುವಿನ ಸಾಲನ್ನು ಮುಚ್ಚಿ ತೋರಿಸಿದಾಗ ಅತ್ತೆಯವರು ಅಗ್ಗದ್ದು ಸಾಕು ಎಂದರು. ಮನೆಯವರು ಈಗಲೂ ಮೂರನೆಯದನ್ನೇ ಹೇಳುತ್ತಿದ್ದಾರೆ, ಆದರೆ ಈಗ ಅವರು ಕೊಡುವ ಕಾರಣ ಪೆಟ್ರೋಲ್ ಉಳಿತಾಯ.

---

ಶರಾವತಿ ತೀರ

ಎಂಆರ್‌ಪಿಯ ವಿಷಯ ಈಗ ಸ್ಪಷ್ಟವಾಯಿತು. ಆದರೂ ಅಂಗಡಿಯವರು ಬೇಕೆಂದೇ ಎರಡನೆಯದನ್ನು ಪಟ್ಟಿಯಲ್ಲಿ ನಿಲ್ಲಿಸಿದ್ದಾರೆ ಎಂದು ನಾನು ಒಪ್ಪುವುದಿಲ್ಲ. ಕಂಪನಿಯವರು ಕಳುಹಿಸಿದ ಪಟ್ಟಿಯನ್ನೇ ಗೋಡೆಗೆ ಅಂಟಿಸಿರಬಹುದು.

---

ಸಾಗರದ ಜವಳಿ ಅಂಗಡಿ

ಅದು ಸಾಧ್ಯ. ನಮಗೂ ಕಂಪನಿಯಿಂದ ಅಚ್ಚಾದ ಪಟ್ಟಿಗಳೇ ಬರುತ್ತವೆ, ಅದರಲ್ಲಿ ಏನಿದೆ ಏಕಿದೆ ಎಂದು ನೋಡುವಷ್ಟು ಪುರುಸೊತ್ತು ಇರುವುದಿಲ್ಲ.

---

ವಾಣಿಜ್ಯದ ಮೇಷ್ಟರು

ಉದ್ದೇಶ ಯಾರದೆಂದು ಗೋಡೆಯ ಪಟ್ಟಿಯನ್ನು ನೋಡಿ ಹೇಳಲಾಗದು, ಅದನ್ನು ಒಪ್ಪುತ್ತೇನೆ. ಕಂಪನಿಯದಾದರೂ ಅಂಗಡಿಯದಾದರೂ ಕೊಳ್ಳುವವರ ಮೇಲೆ ಆಗುವ ಪರಿಣಾಮ ಒಂದೇ. ಸಹಾಯಧನಕ್ಕೆ ಅರ್ಜಿ ಹಾಕುವುದಾದರೆ ಅಲ್ಲಿಯೂ ಶೇಕಡಾವಾರು ಅಂಕಿಯನ್ನು ನೋಡಬೇಡಿ. ಯಾವ ಬೆಲೆಯ ಮೇಲೆ ಅದನ್ನು ಲೆಕ್ಕ ಹಾಕಿದ್ದಾರೆ, ಕೊನೆಗೆ ನಿಮ್ಮ ಕೈಯಿಂದ ಎಷ್ಟು ಹೋಗುತ್ತದೆ ಎಂದು ಕೇಳಿ, ಹೊರಗಿನ ಬೆಲೆಯ ಜೊತೆ ಹೋಲಿಸಿ.

---

ತೋಟದಮನೆ

ಆಗಲಿ ಸರ್. ಪಕ್ಕದ ಮನೆಯವರ ನಾಲ್ಕು ಸ್ಟ್ರೋಕನ್ನು ಭಾನುವಾರ ಕೇಳಿ ತರುತ್ತೇವೆ, ತಮ್ಮನ ಪರಿಚಯದವರಲ್ಲಿ ಎರಡು ಸ್ಟ್ರೋಕ್ ಇದೆ. ಎರಡನ್ನೂ ಬೆಟ್ಟದ ಮೇಲಿನ ತುಂಡಿನಲ್ಲಿ ಓಡಿಸಿ ನೋಡುತ್ತೇವೆ. ಕೊಪ್ಪದವರೇ, ಅಲ್ಲಿ ಮುಳ್ಳುಪೊದೆ ಜಾಸ್ತಿ. ಯಾವ ಬ್ಲೇಡು ಹಾಕಬೇಕು?

---

ಕೊಪ್ಪದ ಮೆಕ್ಯಾನಿಕ್

ಪೊದೆಗೆ ನೈಲಾನ್ ದಾರ ಬೇಡ, ಹಲ್ಲಿರುವ ಉಕ್ಕಿನ ಬ್ಲೇಡೇ ಬೇಕು. ಕಣ್ಣಿಗೆ ಕನ್ನಡಕ ಹಾಕಿ, ಹತ್ತಿರದಲ್ಲಿ ಯಾರನ್ನೂ ನಿಲ್ಲಿಸಬೇಡಿ. ಎರಡು ಸ್ಟ್ರೋಕಿಗೆ ಆಯಿಲ್ ಎಷ್ಟು ಬೆರೆಸಬೇಕು ಎಂದು ಅದರ ಮಾಲೀಕರನ್ನೇ ಕೇಳಿ, ಯಂತ್ರದಿಂದ ಯಂತ್ರಕ್ಕೆ ಅದು ಬೇರೆ ಇರುತ್ತದೆ.